ಕಡತ ಹಾಕಬಹುದು, ನೋಡಲಾಗದು: 120 ವಿದ್ಯಾರ್ಥಿಗಳ ದಾಖಲೆ ಒಂದೇ ಫೋಲ್ಡರಿಗೆ ತರಿಸುವುದು

ಓದುಗರ ಪ್ರಶ್ನೆ: "ಮೇಡಂ, ನಮ್ಮದು ಹಳೆ ವಿದ್ಯಾರ್ಥಿಗಳ ಸಣ್ಣ ಟ್ರಸ್ಟ್. ಪ್ರತಿ ವರ್ಷ ಸುಮಾರು 120 ಪಿಯುಸಿ ಮತ್ತು ಡಿಗ್ರಿ ಮಕ್ಕಳಿಂದ ಸ್ಕಾಲರ್‌ಶಿಪ್ ಅರ್ಜಿ ಬರುತ್ತದೆ. ಒಬ್ಬೊಬ್ಬರದು ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಫೀಸ್ ರಸೀದಿ ಹೀಗೆ ನಾಲ್ಕು ದಾಖಲೆ. ವಾಟ್ಸಾಪ್‌ನಲ್ಲಿ ತರಿಸಿ ಸಾಕಾಗಿ, ಈ ಸಲ ಗೂಗಲ್ ಡ್ರೈವ್ ಫೋಲ್ಡರಿನ ಲಿಂಕ್ ಎಲ್ಲರಿಗೂ ಕಳಿಸಿದೆ. ಮೂರನೇ ದಿನ ಒಂದು ಹುಡುಗಿ ಫೋನ್ ಮಾಡಿ, 'ಸರ್, ಎಲ್ಲರ ಮನೆಯ ಆದಾಯ ಎಲ್ಲರಿಗೂ ಕಾಣ್ತಿದೆ' ಎಂದಳು. ಕೆಲವು ಕಡತಗಳು ಮಾಯವೂ ಆಗಿವೆ. ಫೈಲ್ ರಿಕ್ವೆಸ್ಟ್ ಲಿಂಕ್ ಬಳಸಿ ಎಂದು ಒಬ್ಬರು ಹೇಳಿದರು. ಅದು ನಿಜವಾಗಿ ಸುರಕ್ಷಿತವೇ? ಮಕ್ಕಳಿಗೆ ಅಕೌಂಟ್ ಬೇಕೇ? ಯಾರು ಕಳಿಸಿದರು ಅಂತ ಗೊತ್ತಾಗುವುದು ಹೇಗೆ?"

ಉತ್ತರ:

ಮೊದಲು ಆ ಹಳೆ ಫೋಲ್ಡರನ್ನು ಮುಚ್ಚಿಬಿಡಿ, ಉಳಿದದ್ದು ಆಮೇಲೆ ಓದಿ. ಡ್ರೈವ್‌ನಲ್ಲಿ ಆ ಫೋಲ್ಡರಿನ Share ತೆರೆದು, General access ಎಂಬಲ್ಲಿ Restricted ಎಂದು ಬದಲಿಸಿ. ಅಲ್ಲಿಗೆ ಲಿಂಕ್ ಹಿಡಿದು ಬರುವವರಿಗೆ ಬಾಗಿಲು ಹಾಕಿದಂತೆ. ಬೇರೆಯವರ ಕಡತವನ್ನು ಯಾರಾದರೂ ಈಗಾಗಲೇ ಇಳಿಸಿಕೊಂಡಿದ್ದರೆ ಅದನ್ನು ವಾಪಸ್ ಪಡೆಯಲಾಗುವುದಿಲ್ಲ. ಇದನ್ನು ಮಕ್ಕಳಿಗೂ ಪೋಷಕರಿಗೂ ನೇರವಾಗಿ ತಿಳಿಸಿ.

ಮಾಯವಾದ ಕಡತಗಳನ್ನು ನಿಮ್ಮ Trash ಒಳಗೆ ಹುಡುಕಿ ಸುಸ್ತಾಗಿರುತ್ತೀರಿ. ಅಲ್ಲಿ ಸಿಗದಿರಲು ಕಾರಣ ಇದೆ. ನಿಮ್ಮ ಫೋಲ್ಡರಿಗೆ ಒಬ್ಬ ವಿದ್ಯಾರ್ಥಿ ಕಡತ ಹಾಕಿದರೆ, ಡ್ರೈವ್‌ನ ಲೆಕ್ಕದಲ್ಲಿ ಅದರ ಒಡೆತನ ಆ ವಿದ್ಯಾರ್ಥಿಯದೇ. ಇನ್ನೊಬ್ಬರು ಅದನ್ನು ಫೋಲ್ಡರಿನಿಂದ ತೆಗೆದರೆ ಕಡತ ಅಳಿಯುವುದಿಲ್ಲ, ನಿಮ್ಮ ಫೋಲ್ಡರಿನಿಂದ ಆಚೆ ಹೋಗುತ್ತದೆ ಅಷ್ಟೇ. ಹಾಗಾಗಿ ಆ ಮಗುವಿನ ಡ್ರೈವ್‌ನಲ್ಲೇ ಹುಡುಕಿಸಿ. ಕಾಣದಿದ್ದರೆ ಡ್ರೈವ್‌ನ ಹುಡುಕುವ ಜಾಗದಲ್ಲಿ ಇದನ್ನು ಬರೆಯಲು ಹೇಳಿ:

```
is:unorganized owner:me
```

ಯಾವ ಫೋಲ್ಡರಿಗೂ ಸೇರದೆ ಉಳಿದ ಅವರ ಕಡತಗಳು ಇಲ್ಲಿ ಸಿಗುತ್ತವೆ.

ಇನ್ನು ಮೂಲ ವಿಷಯ. ನೀವು ಕಳಿಸಿದ್ದು ತಿದ್ದುವ ಹಕ್ಕಿರುವ ಲಿಂಕ್. ಡ್ರೈವ್ ಫೋಲ್ಡರಿನ ಲಿಂಕಿನಲ್ಲಿ ನೋಡುವ ಹಕ್ಕು ಕೊಡಬಹುದು, ತಿದ್ದುವ ಹಕ್ಕು ಕೊಡಬಹುದು. ಕಡತ ಹಾಕಬೇಕೆಂದರೆ ತಿದ್ದುವ ಹಕ್ಕೇ ಬೇಕು. ಅದು ಕೈಗೆ ಬಂದವರು ಎಲ್ಲವನ್ನೂ ನೋಡಬಹುದು, ತೆಗೆಯಲೂಬಹುದು. ನಿಮಗೆ ಬೇಕಿದ್ದದ್ದು ದೇವಸ್ಥಾನದ ಹುಂಡಿಯಂಥದ್ದು. ಹಾಕುವವರಿಗೆ ಒಂದು ಸೀಳು ಕಾಣುತ್ತದೆ, ಒಳಗೆ ಏನಿದೆ, ಎಷ್ಟಿದೆ, ಪಕ್ಕದವರು ಏನು ಹಾಕಿದರು ಎಂಬುದು ಕಾಣುವುದಿಲ್ಲ. ಫೈಲ್ ರಿಕ್ವೆಸ್ಟ್ ಲಿಂಕ್ ಇಷ್ಟೇ ಕೆಲಸ ಮಾಡುತ್ತದೆ.

ಹುಂಡಿಯ ಇನ್ನೆರಡು ಗುಣಗಳೂ ಇದಕ್ಕಿವೆ. ಹಾಕಿದ್ದನ್ನು ಹಾಕಿದವರು ವಾಪಸ್ ತೆಗೆಯುವಂತಿಲ್ಲ. ಯಾರು ಹಾಕಿದರು ಎಂಬುದನ್ನು ಹುಂಡಿ ತಾನಾಗಿ ಖಾತ್ರಿ ಮಾಡಿಕೊಳ್ಳುವುದಿಲ್ಲ. ಜನ ಎಡವುವುದು ಹೆಚ್ಚಾಗಿ ಈ ಎರಡರಲ್ಲೇ. ಕಚೇರಿಗಳಿಗೆ, ಶಾಲೆಗಳಿಗೆ ಇಂಥ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಅಲ್ಲೆಲ್ಲ ಲಿಂಕ್ ಕೆಟ್ಟಿದ್ದಕ್ಕಿಂತ, ಯಾವ ಕಡತ ಯಾರದೆಂದು ತಿಳಿಯದೆ ಆದ ತೊಂದರೆಯೇ ಜಾಸ್ತಿ.

ಅಕೌಂಟಿನ ವಿಷಯ ಸೇವೆಯಿಂದ ಸೇವೆಗೆ ಬೇರೆ. ಡ್ರಾಪ್‌ಬಾಕ್ಸ್‌ನ ಫೈಲ್ ರಿಕ್ವೆಸ್ಟ್‌ಗೆ ಕಳಿಸುವವರಿಗೆ ಅಕೌಂಟ್ ಬೇಡ. ಹೆಸರು ಮತ್ತು ಇಮೇಲ್ ಕೇಳುತ್ತದೆ, ಅಷ್ಟೇ. ನಿಮಗೆ ಮಾತ್ರ ಅಕೌಂಟ್ ಬೇಕು, ಅದು ಉಚಿತದ್ದಾದರೂ ನಡೆಯುತ್ತದೆ. ಕೊನೆಯ ದಿನಾಂಕ ಇಟ್ಟು ಲಿಂಕ್ ತಾನಾಗಿ ಮುಚ್ಚುವಂತೆ ಮಾಡಲು ದುಡ್ಡು ಕೊಟ್ಟ ಪ್ಲಾನ್ ಬೇಕು. ಉಚಿತದಲ್ಲಿ ಆ ದಿನ ನೀವೇ ಕೈಯಾರೆ ಮುಚ್ಚಬೇಕು.

ಮೈಕ್ರೋಸಾಫ್ಟ್ ಒನ್‌ಡ್ರೈವ್‌ನಲ್ಲೂ ಇದಿದೆ, Request files ಎಂಬ ಹೆಸರಿನಲ್ಲಿ. ಆದರೆ ಅದು ಕಚೇರಿ ಅಥವಾ ಶಾಲೆ-ಕಾಲೇಜಿನ ಅಕೌಂಟಿನಲ್ಲಿ ಮಾತ್ರ, ಮನೆಯ ಅಕೌಂಟಿನಲ್ಲಿ ಇಲ್ಲ. ಕಾಲೇಜಿನ ಅಕೌಂಟ್ ಇದ್ದೂ ಆ ಗುಂಡಿ ಕಾಣದಿದ್ದರೆ, ಯಾರು ಬೇಕಾದರೂ ತೆರೆಯಬಹುದಾದ ಲಿಂಕುಗಳನ್ನು ಅಲ್ಲಿನ ಕಂಪ್ಯೂಟರ್ ಆಡಳಿತದವರು ತಡೆದಿರಬಹುದು. ಅವರನ್ನೇ ಕೇಳಬೇಕು.

ಗೂಗಲ್‌ನಲ್ಲಿ ಬಯಸುವವರಿಗೆ ಗೂಗಲ್ ಫಾರ್ಮ್ ಇದೆ. ಅದರಲ್ಲಿ File upload ಬಗೆಯ ಪ್ರಶ್ನೆ ಇಟ್ಟರೆ ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದು. ಅರ್ಜಿದಾರರ ಪಟ್ಟಿಯೂ ತಾನಾಗಿ ಆಗುತ್ತದೆ, ಒಬ್ಬರಿಗೊಂದು ಸಾಲು, ಅದರಲ್ಲೇ ಕಡತದ ಲಿಂಕ್. ಇದು ದೊಡ್ಡ ಅನುಕೂಲ. ಆದರೆ ಕಡತ ಹಾಕಲು ಗೂಗಲ್ ಅಕೌಂಟಿಗೆ ಸೈನ್ ಇನ್ ಆಗಲೇಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಅಕೌಂಟ್ ಇದ್ದೇ ಇರುತ್ತದೆ ಅಲ್ವಾ ಎನ್ನಬಹುದು. ಇರುತ್ತದೆ, ಆದರೆ ಅದು ಅಣ್ಣನದೋ ಅಪ್ಪನದೋ ಆಗಿರುತ್ತದೆ. ಕಡತದ ಹೆಸರಿನ ಕೊನೆಗೆ ಆ ಅಣ್ಣನ ಹೆಸರು ಅಂಟಿಕೊಂಡು ಬರುತ್ತದೆ. ಇನ್ನೊಂದು ವಿಷಯ, ಒಂದು ಫಾರ್ಮಿಗೆ ಬರುವ ಎಲ್ಲ ಕಡತಗಳು ಸೇರಿ ಮೊದಲಿಗೆ 1 ಜಿಬಿ ಮಿತಿ ಇರುತ್ತದೆ. ಅದು ತುಂಬಿದರೆ ಫಾರ್ಮ್ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮಿತಿ ಹೆಚ್ಚಿಸಬಹುದು, ಆದರೆ ಅದನ್ನು ಫಾರ್ಮ್ ಹಂಚುವ ಮೊದಲೇ ನೋಡಿಕೊಳ್ಳಬೇಕು.

ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ಮನೆಯವರ ಫೋನಿನಿಂದಲೋ ಸೈಬರ್ ಸೆಂಟರ್‌ನಿಂದಲೋ ಕಳಿಸುವವರಾದರೆ ಡ್ರಾಪ್‌ಬಾಕ್ಸ್ ರೀತಿಯ, ಸೈನ್ ಇನ್ ಬೇಡದ ಲಿಂಕೇ ಸರಿ. ನಾನು ಅದನ್ನೇ ಹಿಡಿದು ಮುಂದೆ ಹೇಳುತ್ತೇನೆ.

ಮೊದಲು ಜಾಗದ ಲೆಕ್ಕ. 120 ಮಕ್ಕಳು, ತಲಾ ನಾಲ್ಕು ಫೋಟೋ ಎಂದರೆ 480 ಕಡತ. ಫೋನಿನ ಒಂದು ಫೋಟೋ ಸುಮಾರು 4 ಎಂಬಿ ಎಂದಿಟ್ಟುಕೊಂಡರೆ 1,920 ಎಂಬಿ. ಡ್ರಾಪ್‌ಬಾಕ್ಸ್‌ನ ಉಚಿತ ಅಕೌಂಟಿನ ಜಾಗ 2 ಜಿಬಿ. ಬರುವ ಕಡತಗಳೆಲ್ಲ ನಿಮ್ಮ ಜಾಗವನ್ನೇ ತಿನ್ನುತ್ತವೆ, ಕಳಿಸುವವರದಲ್ಲ. ನಿಮ್ಮ ಹಳೆಯ ಕಡತ ಸ್ವಲ್ಪ ಇದ್ದರೂ ಸಾಕು, ಕೊನೆಯ ದಿನ ಬಂದ ಹತ್ತಿಪ್ಪತ್ತು ಮಕ್ಕಳಿಗೆ ಕಡತ ಹೋಗುವುದಿಲ್ಲ. ಜಾಗ ತುಂಬುವುದು ಯಾವಾಗಲೂ ಕೊನೆಯ ದಿನವೇ, ಏಕೆಂದರೆ ಎಲ್ಲರೂ ಕಳಿಸುವುದು ಆ ದಿನವೇ.

ಇದಕ್ಕೆ ಜಾಗ ಕೊಳ್ಳುವ ಅಗತ್ಯವಿಲ್ಲ. ಒಬ್ಬರಿಂದ ಒಂದೇ ಕಡತ ಕೇಳಿ, ನಾಲ್ಕು ಪುಟದ ಒಂದು ಪಿಡಿಎಫ್. ಆಂಡ್ರಾಯ್ಡ್ ಫೋನಿನ ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯವಿದೆ. ಒಂದಾದ ಮೇಲೊಂದು ಪುಟ ಹಿಡಿದು ಒಂದೇ ಪಿಡಿಎಫ್ ಮಾಡಬಹುದು. ಹಾಗೆ ಮಾಡಿದ ನಾಲ್ಕು ಪುಟ 2 ಎಂಬಿ ಆಯಿತು ಎಂದುಕೊಂಡರೂ ಒಟ್ಟು 240 ಎಂಬಿ. ಜಾಗಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. 480 ಬಿಡಿ ಚಿತ್ರಗಳನ್ನು ಜೋಡಿಸುವ ಕೆಲಸವೇ ಇಲ್ಲವಾಗುತ್ತದೆ. ಯಾವ ಪುಟ ಮೊದಲು, ಯಾವುದು ಆಮೇಲೆ ಎಂದು ಕ್ರಮ ಹೇಳಿಬಿಡಿ: ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ರಸೀದಿ. ನೋಡುವವರಿಗೆ ಕೆಲಸ ಬಹಳ ಹಗುರ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಯಾರು ಕಳಿಸಿದರು ಎಂಬುದು. ಹೆಸರಿನ ಜಾಗದಲ್ಲಿ ಕಳಿಸುವವರು ಏನು ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಡ್ರಾಪ್‌ಬಾಕ್ಸ್ ಆ ಹೆಸರನ್ನು ಕಡತದ ಹೆಸರಿಗೆ ಸೇರಿಸುತ್ತದೆ. ಅಂದರೆ ಅದು ಸಾಕ್ಷಿಯಲ್ಲ, ಬರೀ ಚೀಟಿ. ಈ ಚೀಟಿಯನ್ನೇ ನಾವು ಚೆನ್ನಾಗಿ ಬಳಸಿಕೊಳ್ಳಬೇಕು.

ಅರ್ಜಿ ಕೊಡುವಾಗಲೇ ಪ್ರತಿ ಮಗುವಿಗೆ ಒಂದು ಸಂಖ್ಯೆ ಕೊಡಿ. V001ರಿಂದ V120ರವರೆಗೆ. ಎಲ್ಲ ಸಂಖ್ಯೆಗಳೂ ಒಂದೇ ಉದ್ದ ಇರಲಿ. V1, V12 ಎಂದು ಕೊಟ್ಟರೆ ಕಂಪ್ಯೂಟರಿನಲ್ಲಿ V1 ಹುಡುಕಿದಾಗ V12 ಕೂಡ ಬರುತ್ತದೆ. ಆಮೇಲೆ ಮಕ್ಕಳಿಗೆ ಹೀಗೆ ಹೇಳಿ: ಹೆಸರಿನ ಜಾಗದಲ್ಲಿ ಮೊದಲು ಸಂಖ್ಯೆ, ಆಮೇಲೆ ಹೆಸರು ಬರೆಯಿರಿ. ಕಡತದ ಹೆಸರನ್ನು ಬದಲಿಸಲು ಹೇಳಿದರೆ ಫೋನಿನಲ್ಲಿ ಅರ್ಧ ಜನಕ್ಕೆ ಆಗುವುದಿಲ್ಲ. ಅದು IMG-20250612-WA0004 ಎಂದೇ ಬರುತ್ತದೆ. ಹೆಸರಿನ ಜಾಗದಲ್ಲಿ ಸಂಖ್ಯೆ ಬರೆಯುವುದು ಎಲ್ಲರಿಗೂ ಆಗುತ್ತದೆ, ಅದು ತಾನಾಗಿ ಕಡತಕ್ಕೆ ಸೇರುತ್ತದೆ. ಒನ್‌ಡ್ರೈವ್‌ನಲ್ಲೂ ಇದೇ ಉಪಾಯ ನಡೆಯುತ್ತದೆ. ಡ್ರಾಪ್‌ಬಾಕ್ಸ್‌ಗೆ ಮೊದಲೇ ಸೈನ್ ಇನ್ ಆಗಿರುವವರಿಗೆ ಮಾತ್ರ ಅಕೌಂಟಿನ ಹೆಸರೇ ಹೋಗುತ್ತದೆ. ಅಂಥವರು ಬೆರಳೆಣಿಕೆಯಷ್ಟು ಇರುತ್ತಾರೆ.

ಲಿಂಕ್ ಮಾಡುವುದು ಸುಲಭ. ಡ್ರಾಪ್‌ಬಾಕ್ಸ್ ವೆಬ್‌ಸೈಟಿನಲ್ಲಿ File requests ಎಂಬಲ್ಲಿ ಹೊಸ ಕೋರಿಕೆ ಮಾಡಿ, ಅದಕ್ಕೊಂದು ಹೆಸರು ಕೊಟ್ಟು, ಕಡತ ಬೀಳಬೇಕಾದ ಫೋಲ್ಡರ್ ಆರಿಸಿ. ಈ ಫೋಲ್ಡರ್ ಆರಿಸುವಾಗ ಒಂದು ಎಚ್ಚರ ಬೇಕು. ಟ್ರಸ್ಟಿನ ಎಲ್ಲರ ಜೊತೆ ಈಗಾಗಲೇ ಹಂಚಿಕೊಂಡಿರುವ ದೊಡ್ಡ ಫೋಲ್ಡರಿನ ಒಳಗೆ ಇದನ್ನು ಇಟ್ಟರೆ, ಆ ಎಲ್ಲರಿಗೂ ಈ ಕಡತಗಳು ಕಾಣುತ್ತವೆ. ಹೊರಗಿನವರಿಗೆ ಮುಚ್ಚಿದ ಬಾಗಿಲು ಒಳಗಿನಿಂದ ತೆರೆದೇ ಇರುತ್ತದೆ. ಯಾರ ಜೊತೆಗೂ ಹಂಚದ ಹೊಸ ಫೋಲ್ಡರ್ ಮಾಡಿ. ನೋಡಬೇಕಾದ ಇಬ್ಬರೋ ಮೂವರೋ ಸದಸ್ಯರನ್ನು ಮಾತ್ರ ಆಮೇಲೆ ಸೇರಿಸಿ.

ಲಿಂಕನ್ನು ಮಕ್ಕಳಿಗೆ ಕಳಿಸುವ ಮೊದಲು, ಮನೆಯಲ್ಲಿ ಬೇರೆಯವರ ಫೋನ್ ತೆಗೆದುಕೊಂಡು ನೀವೇ ಒಂದು ಕಡತ ಹಾಕಿ ನೋಡಿ. ನಿಮ್ಮ ಫೋನಿನಲ್ಲಿ ನೋಡಿದರೆ ಪ್ರಯೋಜನವಿಲ್ಲ. ಅದರಲ್ಲಿ ನೀವು ಸೈನ್ ಇನ್ ಆಗಿರುತ್ತೀರಿ, ಮಕ್ಕಳಿಗೆ ಕಾಣುವ ಪುಟ ನಿಮಗೆ ಕಾಣುವುದಿಲ್ಲ. ಬೇರೆ ಫೋನಿನಲ್ಲಿ ಕಡತಗಳ ಪಟ್ಟಿ ಕಾಣಿಸಿತೆಂದರೆ ನೀವು ತಪ್ಪು ಲಿಂಕ್ ಮಾಡಿದ್ದೀರಿ. ಸರಿಯಾದ ಡ್ರಾಪ್‌ಬಾಕ್ಸ್ ಲಿಂಕ್ ಹೀಗೆ ಶುರುವಾಗುತ್ತದೆ:

```
https://www.dropbox.com/request/
```

ಇದನ್ನು ಮಕ್ಕಳಿಗೂ ತೋರಿಸಿ. ಸ್ಕಾಲರ್‌ಶಿಪ್ ಹೆಸರಿನಲ್ಲಿ ಮೋಸದ ಲಿಂಕ್‌ಗಳು ಹರಿದಾಡುತ್ತವೆ. ನಿಮ್ಮದೂ ಅವರ ಕಣ್ಣಿಗೆ ಹಾಗೆಯೇ ಕಾಣಬಹುದು. ಲಿಂಕ್ ಇಂಥ ದಿನ, ಇಂಥ ನಂಬರಿನಿಂದ ಬರುತ್ತದೆ, ಆ ಪುಟ ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಕೇಳುವುದಿಲ್ಲ, ಕೇಳಿದರೆ ಮುಚ್ಚಿಬಿಡಿ ಎಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಮೊದಲೇ ಹಾಕಿಸಿದರೆ ಒಳ್ಳೆಯದು.

ಕಡತಗಳು ಬರತೊಡಗಿದ ಮೇಲೆ ಲೆಕ್ಕ ಇಡುವುದು ಹೇಗೆ? ಒಂದೊಂದೇ ತೆರೆದು ಪಟ್ಟಿಗೆ ಟಿಕ್ ಹಾಕಬೇಡಿ. ಫೋಲ್ಡರನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ವಿಂಡೋಸ್‌ನಲ್ಲಿ ಆ ಫೋಲ್ಡರಿನ ಒಳಗೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಬರೆಯಿರಿ:

```
dir /b > list.txt
```

ಎಲ್ಲ ಕಡತಗಳ ಹೆಸರು list.txt ಎಂಬ ಕಡತಕ್ಕೆ ಬರುತ್ತದೆ. ಯಾರಾದರೂ ಹೆಸರನ್ನು ಕನ್ನಡದಲ್ಲಿ ಬರೆದಿದ್ದರೆ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣಬಹುದು. ಗಾಬರಿ ಬೇಡ, V017 ಎಂಬ ಸಂಖ್ಯೆ ಹಾಗೆಯೇ ಉಳಿದಿರುತ್ತದೆ, ನಮಗೆ ಬೇಕಾದದ್ದು ಅದೇ. ಎಕ್ಸೆಲ್‌ನಲ್ಲಿ A ಕಾಲಮ್‌ನಲ್ಲಿ ಎರಡನೇ ಸಾಲಿನಿಂದ 120 ಸಂಖ್ಯೆಗಳನ್ನು ಇಡಿ. D ಕಾಲಮ್‌ಗೆ ಈ ಹೆಸರುಗಳನ್ನು ಅಂಟಿಸಿ. B2ರಲ್ಲಿ ಇದನ್ನು ಬರೆದು ಕೆಳಗಿನವರೆಗೂ ಎಳೆಯಿರಿ:

```
=COUNTIF(D:D,"*"&A2&"*")
```

ಒಬ್ಬೊಬ್ಬರ ಎದುರಿಗೂ ಒಂದು ಅಂಕಿ ಬರುತ್ತದೆ. 1 ಬಂದರೆ ಕಡತ ಬಂದಿದೆ. 0 ಬಂದರೆ ಬಂದಿಲ್ಲ. 2 ಅಥವಾ ಜಾಸ್ತಿ ಬಂದರೆ ಮತ್ತೆ ಕಳಿಸಿದ್ದಾರೆ.

ಒಂದು ಉದಾಹರಣೆ ನೋಡೋಣ. ಫೋಲ್ಡರಿನಲ್ಲಿ 101 ಕಡತ ಇವೆ ಎಂದುಕೊಳ್ಳಿ. ನೋಡಿದ ತಕ್ಷಣ 101 ಜನ ಕಳಿಸಿದ್ದಾರೆ, 19 ಜನ ಬಾಕಿ ಅನಿಸುತ್ತದೆ. ಸೂತ್ರ ಹಾಕಿದಾಗ 90 ಮಕ್ಕಳ ಎದುರು 1, ನಾಲ್ವರ ಎದುರು 2, ಉಳಿದ 26 ಜನರ ಎದುರು 0 ಬರುತ್ತದೆ. 90 ಮತ್ತು 8 ಸೇರಿ 98 ಕಡತವಾಯಿತು. ಹಾಗಾದರೆ ಇನ್ನು ಮೂರು ಕಡತಕ್ಕೆ ಸಂಖ್ಯೆಯೇ ಇಲ್ಲ. ಆ ಮೂರನ್ನು ಮಾತ್ರ ತೆರೆದು ಅಂಕಪಟ್ಟಿಯ ಹೆಸರು ನೋಡಿ ಸರಿಪಡಿಸಿದರೆ, ಕಳಿಸಿದವರು 97, ಬಾಕಿ ಇರುವವರು 23. ಫೋನ್ ಮಾಡಬೇಕಾದ್ದು ಈ 23 ಮಕ್ಕಳಿಗೆ. ಬರೀ ಕಡತ ಎಣಿಸಿದ್ದರೆ ಬಾಕಿ ಎಷ್ಟು ಎಂಬುದೂ ತಪ್ಪಾಗುತ್ತಿತ್ತು, ಯಾರು ಎಂಬುದಂತೂ ತಿಳಿಯುತ್ತಲೇ ಇರಲಿಲ್ಲ.

2 ಬಂದವರ ಬಗ್ಗೆ ಮೊದಲೇ ಒಂದು ನಿಯಮ ಮಾಡಿ ತಿಳಿಸಿರಿ. ಮಸುಕಾದ ಪುಟ ಕಳಿಸಿದ ಮಗು ಅದನ್ನು ತಾನೇ ಅಳಿಸಿ ಬದಲಿಸಲಾಗದು, ಮತ್ತೆ ಕಳಿಸಬೇಕಷ್ಟೇ. ಹೊಸದು ಹಳೆಯದರ ಪಕ್ಕದಲ್ಲೇ ಬಂದು ಕೂರುತ್ತದೆ. ಕೊನೆಗೆ ಬಂದದ್ದೇ ಲೆಕ್ಕಕ್ಕೆ ಎಂದರೆ ಗೊಂದಲವಿಲ್ಲ. ಆದರೆ ಹಳೆಯದನ್ನು ಸುಮ್ನೆ ಅಳಿಸಬೇಡಿ. ಮೊದಲ ಕಡತದಲ್ಲಿ ನಾಲ್ಕು ಪುಟ ಇದ್ದು, ಎರಡನೆಯದರಲ್ಲಿ ಬಿಟ್ಟುಹೋದ ಒಂದೇ ಪುಟ ಇರುವುದೂ ಉಂಟು. ಎರಡನ್ನೂ ತೆರೆದು ನೋಡಿಯೇ ತೀರ್ಮಾನಿಸಿ.

"ನಾನು ಕಳಿಸಿದ್ದೆ ಸರ್" ಎನ್ನುವ ಮಗುವಿನ ಮಾತೂ ಬಹಳ ಸಲ ನಿಜವೇ. ನೆಟ್‌ವರ್ಕ್ ನಿಧಾನವಿರುವ ಊರಿನಲ್ಲಿ ಕಡತ ಹೋಗುತ್ತಿರುವಾಗಲೇ ಪುಟ ಮುಚ್ಚಿಬಿಟ್ಟರೆ ನಿಮಗೆ ಏನೂ ಬಂದಿರುವುದಿಲ್ಲ. ಹೋಯಿತು ಎಂದು ತೋರಿಸುವ ಕೊನೆಯ ಪುಟ ಬರುವವರೆಗೆ ಕಾಯಲು ಹೇಳಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲು ಹೇಳಿ. ಅವರ ಕೈಯಲ್ಲಿ ಇರುವ ರಸೀದಿ ಅದೊಂದೇ. ವಾರಕ್ಕೆರಡು ಸಲ, ಬಂದ ಸಂಖ್ಯೆಗಳ ಪಟ್ಟಿಯನ್ನು, ಹೆಸರಿಲ್ಲದೆ ಬರೀ V ಸಂಖ್ಯೆಗಳನ್ನು, ಗುಂಪಿಗೆ ಹಾಕಿ. ತನ್ನ ಸಂಖ್ಯೆ ಇಲ್ಲದವರು ತಾವೇ ಮತ್ತೆ ಕಳಿಸುತ್ತಾರೆ.

ಸುರಕ್ಷತೆಯ ಬಗ್ಗೆ ಕೇಳಿದ್ದೀರಿ. ಕಳಿಸುವವರ ಮಟ್ಟಿಗೆ ಈ ಲಿಂಕ್ ನಿಮ್ಮ ಈಗಿನ ಫೋಲ್ಡರಿಗಿಂತ ಎಷ್ಟೋ ಸುರಕ್ಷಿತ. ಅಪಾಯ ಉಳಿಯುವುದು ಪಡೆಯುವವರ ಕಡೆ. ಲಿಂಕ್ ಫಾರ್ವರ್ಡ್ ಆಗುತ್ತದೆ, ಅದನ್ನು ತಡೆಯಲಾಗದು. ಲಿಂಕ್ ಸಿಕ್ಕ ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು. ಪಿಡಿಎಫ್ ಅಥವಾ ಚಿತ್ರ ಬಿಟ್ಟು ಬೇರೇನೇ ಬಂದರೂ, ಅದರಲ್ಲೂ .exe ಅಥವಾ .apk ಎಂದು ಕೊನೆಯಾಗುವುದು ಬಂದರೆ, ತೆರೆಯದೆ ಅಳಿಸಿ. ಕಸ ಜಾಸ್ತಿ ಬರತೊಡಗಿದರೆ ಆ ಕೋರಿಕೆಯನ್ನು ಮುಚ್ಚಿ ಹೊಸದು ಮಾಡಿ. ಮುಚ್ಚಿದರೆ ಬಂದ ಕಡತಗಳು ಹೋಗುವುದಿಲ್ಲ, ಹೊಸದು ಬರುವುದು ಮಾತ್ರ ನಿಲ್ಲುತ್ತದೆ.

ಇನ್ನು ಏನು ಕೇಳಬೇಕು, ಏನು ಕೇಳಬಾರದು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ನಿಮ್ಮ ಪಟ್ಟಿಯಲ್ಲಿ ಆಧಾರ್ ಇಲ್ಲದಿರುವುದು ಒಳ್ಳೆಯದೇ. ಮುಂದೆ ಯಾರಾದರೂ ಸೇರಿಸೋಣ ಎಂದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕು ಎನ್ನಿ. ಇಳಿಸಿಕೊಂಡ ಇ-ಆಧಾರ್ ಪಾಸ್‌ವರ್ಡ್ ಇರುವ ಪಿಡಿಎಫ್, ಹಾಗೇ ಕಳಿಸಿದರೆ ನಿಮ್ಮಲ್ಲಿ ತೆರೆಯುವುದೂ ಇಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟಿನದೂ ಎಷ್ಟೋ ಸಲ ಇದೇ ಕಥೆ. ಪಾಸ್‌ಬುಕ್‌ನಲ್ಲಿ ಮೊದಲ ಪುಟ ಮಾತ್ರ ಕೇಳಿ, ವ್ಯವಹಾರದ ಪುಟಗಳು ನಿಮಗೆ ಬೇಡ. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಸಿಕೊಳ್ಳಿ. ನಾಡಕಚೇರಿ ವೆಬ್‌ಸೈಟಿನಲ್ಲಿ ಅದರಿಂದಲೇ ಪರಿಶೀಲಿಸಬಹುದು, ಫೋಟೋ ಮಸುಕಾಗಿದ್ದರೂ ಕೆಲಸ ನಿಲ್ಲುವುದಿಲ್ಲ.

ಪಿಯುಸಿ ಮಕ್ಕಳಲ್ಲಿ ಬಹುಪಾಲು 18 ತುಂಬದವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಅರ್ಜಿಯಲ್ಲೇ ಪೋಷಕರ ಸಹಿಗೆ ಒಂದು ಜಾಗ ಇಡಿ. ಯಾವ ದಾಖಲೆ ಏಕೆ ಬೇಕು, ಯಾರು ನೋಡುತ್ತಾರೆ, ಯಾವ ದಿನ ಅಳಿಸುತ್ತೀರಿ ಎಂದು ಅದರ ಮೇಲೆ ಎರಡು ಸಾಲು ಬರೆಯಿರಿ.

ಆ ಅಳಿಸುವ ದಿನವನ್ನು ನಿಜಕ್ಕೂ ಪಾಲಿಸಿ. ಹಣ ಕೊಟ್ಟಾದ ಮೇಲೆ ಆಯ್ಕೆಯಾಗದವರ ಕಡತಗಳನ್ನು ಮೊದಲು ತೆಗೆಯಿರಿ. ಆಯ್ಕೆಯಾದವರದ್ದು ಟ್ರಸ್ಟಿನ ಆಡಿಟ್‌ಗೆ ಬೇಕಾದಷ್ಟು ದಿನ ಇರಲಿ. ಲೆಕ್ಕ ಹಾಕಲು ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿಯನ್ನು ಮರೆಯಬೇಡಿ, ಜನ ಅದನ್ನೇ ಮರೆಯುವುದು. ಸದಸ್ಯರು ತಮ್ಮ ಫೋನಿಗೆ ಇಳಿಸಿಕೊಂಡಿದ್ದನ್ನೂ ಕೇಳಿ ಅಳಿಸಿಸಿ. ಸೈಬರ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿದ ಮಕ್ಕಳಿಗೆ ಅಲ್ಲಿನ ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರಿನಿಂದ ತಮ್ಮ ಕಡತ ಅಳಿಸಿ ಬರಲು ಲಿಂಕ್ ಕಳಿಸುವ ದಿನವೇ ಹೇಳಿ.

ಫೋನೇ ಇಲ್ಲದ, ಅಥವಾ ಎಷ್ಟು ಸಲ ಮಾಡಿದರೂ ಆಗದ ಕೆಲವು ಮಕ್ಕಳು ಇದ್ದೇ ಇರುತ್ತಾರೆ. ಅವರಿಂದ ಜೆರಾಕ್ಸ್ ಪ್ರತಿ ತೆಗೆದುಕೊಳ್ಳಿ. ನಿಮ್ಮಲ್ಲಿ ಒಬ್ಬರು ಅದನ್ನು ಸ್ಕ್ಯಾನ್ ಮಾಡಿ, ಅದೇ ಲಿಂಕಿನಿಂದ, ಆ ಮಗುವಿನ V ಸಂಖ್ಯೆ ಬರೆದು ಹಾಕಲಿ. ಎಕ್ಸೆಲ್ ಪಟ್ಟಿಯಲ್ಲಿ ಅವರ ಎದುರಿಗೂ 1 ಬರುತ್ತದೆ.